‘ನಂಬಿಕೊಂಡಿದ್ದ’ ಆದ ಮೇಲೆ ಉಸಿರು ತೆಗೆದುಕೊಳ್ಳಬೇಡಿ

ಕಣ್ಣು ಕಾಣದ ಕಾಲೇಜು ಹುಡುಗರಿಗೆ ಪಾಠದ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವುದು ನನ್ನ ಭಾನುವಾರದ ಕೆಲಸ. ಮೊದಮೊದಲು ನನಗೆ ನನ್ನ ಓದಿನ ಮೇಲೆ ಬಹಳ ಭರವಸೆ ಇತ್ತು. ಉಚ್ಚಾರಣೆ ಚೊಕ್ಕ, ಮೈಕು ಒಳ್ಳೆಯದು, ತಪ್ಪಿಲ್ಲ. ಒಂದು ಸಂಜೆ ಕೇಳುವ ಹುಡುಗರಲ್ಲಿ ಒಬ್ಬ ಫೋನ್ ಮಾಡಿದ.

“ಸಾರ್, ಕಾವೇರಿ ಪಾಠ ಕೇಳಿದೆ. ಒಂದು ವಾಕ್ಯ ಅರ್ಥ ಆಗ್ಲಿಲ್ಲ. ನೀವು ಅದನ್ನ ಮೂರು ಸಲ ಮುಗಿಸಿದ್ರಿ.”

“ಮೂರು ಸಲ ಓದಿದೀನಾ?”

“ಇಲ್ಲ ಸಾರ್. ಓದಿದ್ದು ಒಂದೇ ಸಲ. ಮುಗಿಸಿದ್ದು ಮೂರು ಸಲ.”

ಆ ವಾಕ್ಯ ಹೆಚ್ಚುಕಮ್ಮಿ ಹೀಗಿತ್ತು:

ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಕಾವೇರಿಗೆ ಕನ್ನಂಬಾಡಿಯ ಹತ್ತಿರ ಅಣೆಕಟ್ಟು ಕಟ್ಟಿ ನೀರನ್ನು ನಾಲೆಗಳ ಮೂಲಕ ಹರಿಸಿದ ಮೇಲೆ ಅಲ್ಲಿಯವರೆಗೆ ಮಳೆಯನ್ನೇ ನಂಬಿಕೊಂಡಿದ್ದ ಮಂಡ್ಯದ ರೈತರು ಭತ್ತ ಮತ್ತು ಕಬ್ಬು ಬೆಳೆಯಲು ಶುರು ಮಾಡಿದರು.

26 ಪದ, ಒಂದೇ ಒಂದು ಅಲ್ಪವಿರಾಮವೂ ಇಲ್ಲ. ಅಕ್ಷರ ಎಣಿಸಿದರೆ 91. ಕನ್ನಡದ ಪಠ್ಯಗಳಲ್ಲಿ ಇಂಥ ವಾಕ್ಯ ಅಪರೂಪವೇನೂ ಅಲ್ಲ. ಕಣ್ಣಿನಲ್ಲಿ ಓದುವವರಿಗೆ ಇದು ಕಷ್ಟವೂ ಅಲ್ಲ, ಗೊಂದಲ ಆದರೆ ಹಿಂದಕ್ಕೆ ಹೋಗಿ ನೋಡಿಕೊಳ್ಳುತ್ತಾರೆ. ಕೇಳುವವನಿಗೆ ಆ ಸೌಕರ್ಯ ಇಲ್ಲ. ಅವನಿಗೆ ಸಿಗುವುದು ನನ್ನ ಧ್ವನಿ ಮಾತ್ರ.

ರೆಕಾರ್ಡಿಂಗ್ ಮತ್ತೆ ಕೇಳಿದೆ. ಪುಸ್ತಕದಲ್ಲಿ ‘ಕಟ್ಟಿ’ ಎಂಬಲ್ಲಿ ಒಂದು ಸಾಲು ಮುಗಿದಿತ್ತು, ‘ನಂಬಿಕೊಂಡಿದ್ದ’ ಎಂಬಲ್ಲಿ ಇನ್ನೊಂದು. ಎರಡೂ ಕಡೆ ನಾನು ಧ್ವನಿ ಇಳಿಸಿ, ನಿಲ್ಲಿಸಿ, ಉಸಿರು ತೆಗೆದುಕೊಂಡಿದ್ದೆ. ಈಗ ಆ ತುಂಡುಗಳನ್ನು ಬೇರೆಯಾಗಿ ಕೇಳಿ ನೋಡಿ. ‘ಕನ್ನಂಬಾಡಿಯ ಹತ್ತಿರ ಅಣೆಕಟ್ಟು ಕಟ್ಟಿ.’ ಇದು ಯಾರಿಗೋ ಮರ್ಯಾದೆಯಿಂದ ಕೊಟ್ಟ ಅಪ್ಪಣೆ! ‘ಅಲ್ಲಿಯವರೆಗೆ ಮಳೆಯನ್ನೇ ನಂಬಿಕೊಂಡಿದ್ದ.’ ಯಾರೋ ಒಬ್ಬ ಗಂಡಸು, ಮಳೆಯನ್ನೇ ನಂಬಿಕೊಂಡಿದ್ದ. ಯಾರವನು? ಕೇಳುವವನು ಅವನನ್ನು ಹುಡುಕುತ್ತಿರುವಾಗಲೇ ಮಂಡ್ಯದ ರೈತರು ಬಂದುಬಿಡುತ್ತಾರೆ.

ಇದು ಕನ್ನಡಕ್ಕೇ ಹತ್ತಿರವಾದ ಒಂದು ತೊಡಕು. ‘ಬಂದ’ ಎಂದರೆ ‘ಅವನು ಬಂದನು’ ಎಂದೂ ಆಗುತ್ತದೆ, ‘ಬಂದ ಹುಡುಗ’ ಎನ್ನುವಾಗಿನ ‘ಬಂದ’ವೂ ಆಗುತ್ತದೆ. ‘ಕಟ್ಟಿ’ ಎಂದರೆ ‘ಕಟ್ಟಿದ ಮೇಲೆ ಮುಂದಿನದು ಇದೆ’ ಎಂದೂ ಆಗುತ್ತದೆ, ‘ನೀವು ಕಟ್ಟಿ’ ಎಂದೂ ಆಗುತ್ತದೆ. ‘ಹರಿಯುವ’ದ ಕಥೆಯೂ ಅಷ್ಟೇ. ಕರಾವಳಿಯವರು ‘ಹೋಗುವ’ ಎಂದರೆ ‘ಹೋಗೋಣ’ ಎಂದರ್ಥ. ಅಕ್ಷರ ಒಂದೇ, ಕೆಲಸ ಎರಡು. ಬರಹದಲ್ಲಿ ಮುಂದಿನ ಪದ ಕಾಣುತ್ತದೆ, ಆದ್ದರಿಂದ ತೊಂದರೆ ಇಲ್ಲ. ಓದುವಾಗ ಮುಂದಿನ ಪದ ಇನ್ನೂ ಬಂದಿರುವುದಿಲ್ಲ. ಆ ಅರೆಗಳಿಗೆಯಲ್ಲಿ ‘ಇದು ಮುಗಿದ ಮಾತೋ, ಇನ್ನೂ ಇದೆಯೋ’ ಎಂದು ಹೇಳಬೇಕಾದದ್ದು ಧ್ವನಿ.

ಹಾಗಾದರೆ ಧ್ವನಿ ಅದನ್ನು ಹೇಗೆ ಹೇಳುತ್ತದೆ? ‘ನಿಲ್ಲಿಸುವುದು’ ಎಂದು ನಾವು ಸುಮ್ನೆ ಒಂದೇ ಮಾತಲ್ಲಿ ಹೇಳುತ್ತೇವೆ. ಅದರೊಳಗೆ ಮೂರು ಸಂಗತಿಗಳಿವೆ. ಒಂದು, ಮೌನ. ಎರಡು, ಮೌನಕ್ಕಿಂತ ಮೊದಲು ಬರುವ ಎಳೆತ, ಅಂದರೆ ತುಂಡಿನ ಕೊನೆಯ ಅಕ್ಷರ ಕೊಂಚ ಉದ್ದವಾಗುವುದು. ಮೂರು, ಆ ಕೊನೆಯ ಅಕ್ಷರದ ಮೇಲೆ ಸ್ವರ ಏರುವುದು ಅಥವಾ ಇಳಿಯುವುದು. ಇದನ್ನು ಅಂಚಿನ ಸ್ವರ ಎನ್ನೋಣ, ತುಂಡಿನ ಅಂಚಿನಲ್ಲಿ ಬರುವುದರಿಂದ.

ಮೂರರಲ್ಲಿ ನಾವು ಜಾಸ್ತಿ ಬೆಲೆ ಕೊಡುವುದು ಮೌನಕ್ಕೆ. ನಿಜವಾಗಿ ಅದೊಂದನ್ನೇ ನಂಬುವ ಹಾಗಿಲ್ಲ. ಪ್ರಾಟ್ ಎಂಬ ಉಚಿತ ತಂತ್ರಾಂಶ ಇದೆ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೀನಿಂಕ್ ಮಾಡಿದ್ದು. ರೆಕಾರ್ಡಿಂಗ್ ಹಾಕಿದರೆ ಧ್ವನಿಯ ಅಲೆಯನ್ನೂ ಸ್ವರದ ಏರಿಳಿತವನ್ನೂ ಗೆರೆಯಾಗಿ ತೋರಿಸುತ್ತದೆ. ಅದರಲ್ಲಿ ‘ಹುಟ್ಟಿ’ ಎಂಬ ಪದವನ್ನು ದೊಡ್ಡದು ಮಾಡಿ ನೋಡಿ. ಪದದ ನಟ್ಟನಡುವೆ, ‘ಟ್ಟ’ ಇರುವ ಕಡೆ, ಗೆರೆ ಚಪ್ಪಟೆ. ನಾಲಿಗೆ ಅಂಗುಳಕ್ಕೆ ಒತ್ತಿ ಗಾಳಿಯನ್ನು ತಡೆದಿರುವ ಹೊತ್ತು ಅದು, 150 ಮಿಲಿಸೆಕೆಂಡ್ ಆಸುಪಾಸು. ಅಷ್ಟು ಮೌನ ಇದ್ದರೂ ಯಾರೂ ಅಲ್ಲಿ ‘ನಿಲ್ಲಿಸಿದರು’ ಎಂದು ಹೇಳುವುದಿಲ್ಲ. ಇತ್ತ, ಮೌನ ಒಂದಿಷ್ಟೂ ಇಲ್ಲದ ಕಡೆ ಕೊನೆಯ ಅಕ್ಷರ ಎಳೆದು ಸ್ವರ ಏರಿಸಿದರೆ ಸಾಕು, ‘ಅಲ್ಲಿ ನಿಲ್ಲಿಸಿದರಲ್ಲ’ ಎನ್ನುತ್ತಾರೆ. ಒತ್ತಕ್ಷರ ತುಂಬಿರುವ ಭಾಷೆ ನಮ್ಮದು. ಆದ್ದರಿಂದ ಕನ್ನಡದ ಓದನ್ನು ಅಳೆಯುವಾಗ ಸಣ್ಣ ಮೌನಗಳನ್ನೆಲ್ಲ ವಿರಾಮ ಎಂದು ಎಣಿಸಿದರೆ ಲೆಕ್ಕ ಕೆಡುತ್ತದೆ.

ಮುಗಿಯಿತೋ ಇನ್ನೂ ಇದೆಯೋ ಎಂದು ಕಿವಿಗೆ ಹೇಳುವುದು ಸ್ವರ. ಇದನ್ನು ಬರೆದಿಡಲು ಭಾಷಾವಿಜ್ಞಾನಿಗಳಿಗೆ ಒಂದು ಸುಲಭದ ಗುರುತು ಇದೆ. ಏರುವ ಅಂಚಿಗೆ H%, ಇಳಿಯುವ ಅಂಚಿಗೆ L%. ಜಾನೆಟ್ ಪಿಯರ್‌ಹಂಬರ್ಟ್ 1980ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಇಂಗ್ಲಿಷಿನ ಸ್ವರವನ್ನು ಹೀಗೆ ಬರೆದ ಮೇಲೆ ಈ ಬಗೆಯ ಗುರುತು ಬೇರೆ ಭಾಷೆಗಳಿಗೂ ಹರಡಿತು. H% ಎಂದರೆ ‘ತಾಳಿ, ಇನ್ನೂ ಇದೆ’. L% ಎಂದರೆ ‘ಇಷ್ಟೇ’. ನನ್ನ ಧ್ವನಿಯಲ್ಲಿ ನಡು ಮಟ್ಟ ಸುಮಾರು 120 ಹರ್ಟ್ಸ್. ‘ಇನ್ನೂ ಇದೆ’ ಎನ್ನುವಾಗ ಕೊನೆಯ ಅಕ್ಷರ 150ರ ಹತ್ತಿರ ಹೋಗುತ್ತದೆ, ವಾಕ್ಯ ಮುಗಿಸುವಾಗ 85ರ ಹತ್ತಿರ ಇಳಿಯುತ್ತದೆ. ಹೆಂಗಸರ ಧ್ವನಿಯಲ್ಲಿ ಅಂಕಿಗಳು ಬೇರೆ, ಆಟ ಇದೇ. ನನ್ನ ತಪ್ಪು ಏನೆಂದರೆ ‘ಕಟ್ಟಿ’ ಮತ್ತು ‘ನಂಬಿಕೊಂಡಿದ್ದ’ ಎರಡರ ಮೇಲೂ L% ಹಾಕಿದ್ದೆ. ಹುಡುಗ ಸರಿಯಾಗಿಯೇ ಎಣಿಸಿದ್ದ.

ಇನ್ನು ಸಣ್ಣ ತುಂಡುಗಳ ವಿಷಯ. ಬಂಗಾಳಿ, ಹಿಂದಿ, ತಮಿಳುಗಳ ಮೇಲೆ ನಡೆದಿರುವ ಅಧ್ಯಯನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಒಂದೆರಡು ಪದಗಳ ಸಣ್ಣ ಗುಂಪು ಕೆಳಗಿನಿಂದ ಶುರುವಾಗಿ ಕೊನೆಗೆ ಏರುತ್ತದೆ. ಕನ್ನಡದ ಓದಿನಲ್ಲೂ ಇದು ಕಿವಿಗೆ ಬೀಳುತ್ತದೆ. ‘ಕೊಡಗಿನ ತಲಕಾವೇರಿಯಲ್ಲಿ’ ಎಂದಾಗ ‘ಕೊ’ ಕೆಳಗೆ, ‘ಲ್ಲಿ’ ಮೇಲೆ. ಇದು ದೊಡ್ಡ ಅಂಚಲ್ಲ, ಚಿಕ್ಕ ಅಲೆ. ಇಂಥ ಎರಡು ಮೂರು ಅಲೆ ಸೇರಿ ಒಂದು ದೊಡ್ಡ ತುಂಡು. ಒಂದನೇ ತರಗತಿಯ ಮಕ್ಕಳ ಓದು ನೆನಪು ಮಾಡಿಕೊಳ್ಳಿ: ‘ರಾಮನೂ↗ ಬೆಳಿಗ್ಗೇ↗ ಶಾಲೆಗೇ↗’. ಅಲ್ಲಿ ಆಗುವುದು ಇಷ್ಟೇ, ಪ್ರತಿ ಪದವೂ ಒಂದೊಂದು ಅಲೆ, ಪ್ರತಿ ಅಲೆಗೂ ಒಂದೇ ಎತ್ತರ. ಯಾವ ಪದ ಯಾವುದರ ಜೊತೆ ಎಂದು ಆ ರಾಗದಿಂದ ತಿಳಿಯುವುದೇ ಇಲ್ಲ.

ಎತ್ತರ ಒಂದೇ ಇರಬಾರದು ಎಂಬುದು ಇಲ್ಲಿನ ಮುಖ್ಯ ಗುಟ್ಟು. ಉಸಿರು ಹೊರಗೆ ಹೋದ ಹಾಗೆ ಸ್ವರ ತಾನಾಗಿಯೇ ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಹೊಸ ತುಂಡು ಶುರುವಾದಾಗ ನಾವು ಅದನ್ನು ಮತ್ತೆ ಎತ್ತಿಕೊಳ್ಳುತ್ತೇವೆ. ಆದರೆ ಹಿಂದಿನ ತುಂಡು ಶುರುವಾದಷ್ಟು ಮೇಲಕ್ಕೆ ಅಲ್ಲ, ಒಂದು ಮೆಟ್ಟಿಲು ಕೆಳಗೆ. ಹೀಗೆ ವಾಕ್ಯ ಪೂರ್ತಿ ಮೆಟ್ಟಿಲು ಇಳಿದ ಹಾಗೆ. ಪೂರ್ತಿ ಮೇಲಕ್ಕೆ ಹೋಗುವುದು ಮುಂದಿನ ವಾಕ್ಯಕ್ಕೆ. ಕೇಳುವವನು ಈ ಮೆಟ್ಟಿಲನ್ನು ಗೊತ್ತಿಲ್ಲದೆಯೇ ಎಣಿಸುತ್ತಿರುತ್ತಾನೆ. ನಾನು ‘ಕಟ್ಟಿ’ ಆದ ಮೇಲೆ ‘ನೀರನ್ನು’ ಎಂಬುದನ್ನು ‘ಕೊಡಗಿನ’ ಎಂದಷ್ಟೇ ಎತ್ತರದಲ್ಲಿ ಶುರು ಮಾಡಿದ್ದೆ. ಅಂದರೆ ಮುಗಿಸಿದ್ದಷ್ಟೇ ಅಲ್ಲ, ಹೊಸ ವಾಕ್ಯವನ್ನೂ ಶುರು ಮಾಡಿದ್ದೆ.

ಈಗ ಪ್ರಶ್ನೆ, ಎಲ್ಲಿ ಕತ್ತರಿಸಬೇಕು? ಪೆನ್ಸಿಲ್ ತೆಗೆದುಕೊಂಡು ಕೂತೆ. ನಾನು ಮೊದಲು ಹುಡುಕುವುದು ವಾಕ್ಯದ ಕೊನೆಯ ಕ್ರಿಯಾಪದ ಮತ್ತು ಅದರ ಕರ್ತೃ. ಇಲ್ಲಿ ‘ರೈತರು ... ಶುರು ಮಾಡಿದರು’. ಇದು ವಾಕ್ಯದ ಬೆನ್ನೆಲುಬು. ಕರ್ತೃ ಬರುವುದು ಇಪ್ಪತ್ತನೇ ಪದಕ್ಕೆ. ಗಟ್ಟಿಯಾಗಿ ಓದುವಾಗ ಕಣ್ಣು ಬಾಯಿಗಿಂತ ಬರೀ ಒಂದೆರಡು ಪದ ಮುಂದಿರುತ್ತದೆ. ಆದ್ದರಿಂದ ಮೊದಲ ಸಲ ನೋಡಿದ ವಾಕ್ಯವನ್ನು ಹಾಗೇ ಓದಿದರೆ, ಅದು ಎಲ್ಲಿಗೆ ಹೋಗುತ್ತಿದೆ ಎಂದು ಓದುವವನಿಗೇ ಗೊತ್ತಿರುವುದಿಲ್ಲ. ಕ್ರಿಯಾಪದ ಕೊನೆಗೆ ಬರುವ ಕನ್ನಡದಂಥ ಭಾಷೆಯಲ್ಲಿ ಈ ಕಷ್ಟ ಇನ್ನೂ ಜಾಸ್ತಿ.

ಬೆನ್ನೆಲುಬು ಸಿಕ್ಕಿತು ಎಂದರೆ ದೊಡ್ಡ ಅಂಚು ತಾನೇ ಕಾಣುತ್ತದೆ: ‘ಹರಿಸಿದ ಮೇಲೆ’. ಅದಕ್ಕೆ ಮೊದಲಿನದೆಲ್ಲ ಹಿನ್ನೆಲೆ, ಆಮೇಲಿನದು ಸುದ್ದಿ. ಅಲ್ಲಿಗೆ ಎರಡು ಗೀಟು. ಆ ಕಡೆ 54 ಅಕ್ಷರ, ಈ ಕಡೆ 37. ಸಮಾಧಾನದ ಓದಿನಲ್ಲಿ ಸೆಕೆಂಡಿಗೆ ಸುಮಾರು ಆರು ಅಕ್ಷರ ಎಂದಿಟ್ಟುಕೊಂಡರೆ ಒಂಬತ್ತು ಸೆಕೆಂಡ್, ಆಮೇಲೆ ಆರು ಸೆಕೆಂಡ್. ಉಸಿರಿಗೆ ಇದು ಹದವಾದ ಅಳತೆ. ಇಡೀ 15 ಸೆಕೆಂಡನ್ನು ಒಂದೇ ಉಸಿರಿನಲ್ಲಿ ಎಳೆಯಬಹುದು, ಆದರೆ ಕೊನೆಯ ಹತ್ತು ಅಕ್ಷರ ಕೀರಲಾಗುತ್ತದೆ, ‘ಮಾಡಿದರು’ ಎಂಬುದರ ‘ರು’ ನುಂಗಿಹೋಗುತ್ತದೆ. ಉಸಿರು ಬೇಕಾದಾಗ ನಿಲ್ಲಿಸುವುದಲ್ಲ, ನಿಲ್ಲಿಸಬೇಕಾದ ಕಡೆ ಉಸಿರು ತುಂಬಿಕೊಳ್ಳುವುದು. ‘ಮೇಲೆ’ ಆದಾಗ ಎದೆಯಲ್ಲಿ ಇನ್ನೂ ಗಾಳಿ ಇದ್ದರೂ ಅಲ್ಲೇ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಅದು ‘ನಂಬಿಕೊಂಡಿದ್ದ’ ಹತ್ತಿರ ಖಾಲಿಯಾಗುತ್ತದೆ.

ಮೊದಲ ಭಾಗದ ಒಳಗೆ ಇನ್ನೂ ಎರಡು ಸಣ್ಣ ಅಂಚು ಬೇಕು. ಒಂದನ್ನು ‘ಕಾವೇರಿಗೆ’ ಆದ ಮೇಲೆ ಹಾಕಿದೆ, ಇನ್ನೊಂದನ್ನು ‘ಕಟ್ಟಿ’ ಆದ ಮೇಲೆ. ಹೌದು, ನಾನು ಎಡವಿದ ಅದೇ ‘ಕಟ್ಟಿ’. ಅಲ್ಲಿ ನಿಲ್ಲಿಸುವುದು ತಪ್ಪೇನಲ್ಲ, ಇಳಿಸಿ ನಿಲ್ಲಿಸಿದ್ದು ತಪ್ಪು. ಏರಿಸಿ ಬಿಟ್ಟರೆ ಅಪ್ಪಣೆ ಹೋಗಿ ‘ಕಟ್ಟಿ, ಆಮೇಲೆ...’ ಆಗುತ್ತದೆ.

ಹಾಗಾದರೆ ‘ಹುಟ್ಟಿ’ ಆದ ಮೇಲೂ ಅಂಚು ಬೇಕಲ್ವಾ? ಅದೂ ‘ಕಟ್ಟಿ’ಯ ಹಾಗೇ ಇದೆ. ಬೇಡ. ‘ತಲಕಾವೇರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ’ ಎಂಬ ಅಷ್ಟೂ ಮಾತು ‘ಕಾವೇರಿ’ಗೆ ಅಂಟಿಕೊಂಡಿರುವ ವಿಶೇಷಣ. ಅದರ ನಡುವೆ ದೊಡ್ಡದಾಗಿ ಕತ್ತರಿಸಿದರೆ, ಹುಟ್ಟಿದ್ದು ಯಾರು, ಮುಂದೆ ಏನು ಮಾಡಿದರು ಎಂದು ಕಿವಿ ಕಾಯಲು ಶುರು ಮಾಡುತ್ತದೆ. ಅಲ್ಲಿ ಚಿಕ್ಕ ಅಲೆ ಸಾಕು, ಮೌನ ಬೇಡ. ಪದದ ಕೊನೆ ಒಂದೇ ಥರ ಇದ್ದರೂ ಅಂಚು ಒಂದೇ ಥರ ಅಲ್ಲ. ಆ ಪದ ಯಾವ ಗುಂಪಿನ ಒಳಗಿದೆ ಎಂಬುದೇ ಲೆಕ್ಕ.

‘ಅಲ್ಲಿಯವರೆಗೆ’ ಇನ್ನೊಂದು ಗುಂಡಿ. ಅದನ್ನು ಹಿಂದಿನ ತುಂಡಿಗೆ ಅಂಟಿಸಿ ‘ನಾಲೆಗಳ ಮೂಲಕ ಹರಿಸಿದ ಮೇಲೆ ಅಲ್ಲಿಯವರೆಗೆ’ ಎಂದು ನಿಲ್ಲಿಸಿದರೆ ನೀರು ‘ಅಲ್ಲಿಯವರೆಗೆ’ ಹರಿದ ಹಾಗೆ ಕೇಳುತ್ತದೆ. ಎರಡು ಗೀಟು ಅದಕ್ಕೆ ಮೊದಲೇ ಇರಬೇಕು, ಆಮೇಲೆ ಅದು ಮುಂದಿನದಕ್ಕೆ ಸೇರಿ ಓಡಬೇಕು.

ಪೆನ್ಸಿಲ್ ಕೆಲಸ ಮುಗಿದಾಗ ಪುಟ ಹೀಗೆ ಕಂಡಿತು:

ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಕಾವೇರಿಗೆ↗ / ಕನ್ನಂಬಾಡಿಯ ಹತ್ತಿರ ಅಣೆಕಟ್ಟು ಕಟ್ಟಿ↗ / ನೀರನ್ನು ನಾಲೆಗಳ ಮೂಲಕ ಹರಿಸಿದ ಮೇಲೆ↗ // ಅಲ್ಲಿಯವರೆಗೆ ಮಳೆಯನ್ನೇ ನಂಬಿಕೊಂಡಿದ್ದ ಮಂಡ್ಯದ ರೈತರು↗ / ಭತ್ತ ಮತ್ತು ಕಬ್ಬು ಬೆಳೆಯಲು ಶುರು ಮಾಡಿದರು↘

ಬಾಣದ ಗುರುತು ಐದು, ಅದರಲ್ಲಿ ಇಳಿಯುವುದು ಒಂದೇ. ‘ರೈತರು’ ಆದ ಮೇಲೆ ಅಂಚು ಯಾಕೆ ಎಂದರೆ, ಅದರ ಹಿಂದೆ ಉದ್ದನೆಯ ಬಾಲ ಇದೆ. ಬರೀ ‘ರೈತರು ಭತ್ತ ಬೆಳೆದರು’ ಎಂದಿದ್ದರೆ ಅಲ್ಲಿ ಕತ್ತರಿಸುವುದು ಬೇಕಿರಲಿಲ್ಲ. ಕೊನೆಯ ತುಂಡನ್ನು ಮಾತ್ರ ಒಡೆಯಲೇಬಾರದು. ಸುದ್ದಿ ಓದುವ ಕೆಲವರು ‘ಬೆಳೆಯಲು’ ಎಂದು ಏರಿಸಿ ನಿಲ್ಲಿಸಿ, ‘ಶುರು ಮಾಡಿದರು’ ಎಂದು ಬೇರೆಯಾಗಿ ಇಡುತ್ತಾರೆ. ಗಾಂಭೀರ್ಯ ಬರುತ್ತದೆ ಎಂದು ಅವರ ನಂಬಿಕೆ ಇರಬಹುದು. ನನಗಂತೂ ಬಸ್ಸು ಸ್ಟಾಪಿನ ಹತ್ತಡಿ ಮೊದಲೇ ಬ್ರೇಕು ಹಾಕಿದ ಹಾಗನಿಸುತ್ತದೆ. ಕ್ರಿಯಾಪದ ಮತ್ತು ಅದಕ್ಕೆ ಒತ್ತಿಕೊಂಡಿರುವ ಪದ ಕನ್ನಡದಲ್ಲಿ ಜೋಡಿ.

ಇದೊಂದೇ ಸರಿ ಎಂದು ಹೇಳಲಾರೆ. ಇನ್ನೂ ನಿಧಾನವಾಗಿ ಓದುವವರು ‘ನೀರನ್ನು’ ಆದ ಮೇಲೂ ಒಂದು ಗೀಟು ಹಾಕಬಹುದು. ವೇಗವಾಗಿ ಓದುವವರು ‘ಕಾವೇರಿಗೆ’ ಹತ್ತಿರದ್ದನ್ನು ಬಿಡಬಹುದು. ಆದರೆ ಕೆಲವು ವಾಕ್ಯಗಳಲ್ಲಿ ಗೀಟು ಒಂದು ಪದ ಜರುಗಿದರೆ ಅರ್ಥವೇ ಬೇರೆ. ‘ರಾಜು ನಗುತ್ತ ಓಡಿಹೋದ ಹುಡುಗನನ್ನು ನೋಡಿದ.’ ನಕ್ಕಿದ್ದು ಯಾರು? ‘ರಾಜು ನಗುತ್ತ↗ / ಓಡಿಹೋದ ಹುಡುಗನನ್ನು ನೋಡಿದ’ ಎಂದರೆ ರಾಜು ನಕ್ಕ. ‘ರಾಜು↗ / ನಗುತ್ತ ಓಡಿಹೋದ ಹುಡುಗನನ್ನು ನೋಡಿದ’ ಎಂದರೆ ಹುಡುಗ ನಕ್ಕ. ‘ಊರಿಂದ ಬಂದ ಮೇಷ್ಟ್ರ ಅಣ್ಣ’ ಎಂಬುದೂ ಹಾಗೆಯೇ. ‘ಬಂದ’ ಆದ ಮೇಲೆ ಸಣ್ಣ ಏರು ಕೊಟ್ಟು ‘ಮೇಷ್ಟ್ರ ಅಣ್ಣ’ ಎಂದು ಜೋಡಿಯಾಗಿ ಹೇಳಿದರೆ ಬಂದದ್ದು ಅಣ್ಣ. ‘ಬಂದ ಮೇಷ್ಟ್ರ’ ಎಂದು ಒಟ್ಟಿಗೆ ಹೇಳಿದರೆ ಬಂದದ್ದು ಮೇಷ್ಟ್ರು. ‘ಬಂದ’ದಂಥ ಪದ ಆದ ಮೇಲೆ ನಿಲ್ಲಲೇಬಾರದು ಎಂದು ಕಣ್ಣುಮುಚ್ಚಿ ನಿಯಮ ಮಾಡಿಕೊಂಡರೆ ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ. ನಿಂತರೂ ಇಳಿಯಬಾರದು, ಅಷ್ಟೇ.

‘ನಂಬಿಕೊಂಡಿದ್ದ’ಕ್ಕೆ ಇಷ್ಟು ಹೆದರಲು ಇನ್ನೊಂದು ಕಾರಣವೂ ಇದೆ. ಅದರ ಹಿಂದಿನ ಪದ ‘ಮಳೆಯನ್ನೇ’. ಕೊನೆಯ ‘ಏ’ ಒತ್ತು ಕೊಡುವ ‘ಏ’. ಸ್ವರ ಅಲ್ಲಿ ತುದಿಗೆ ಏರುತ್ತದೆ. ಒತ್ತು ಬಿದ್ದ ಪದದ ಮುಂದಿನದೆಲ್ಲ ಸಹಜವಾಗಿ ತಗ್ಗಿ, ಚಪ್ಪಟೆಯಾಗಿ ಬರುತ್ತದೆ. ಅಂದರೆ ‘ನಂಬಿಕೊಂಡಿದ್ದ’ ನಾನು ಇಳಿಸದಿದ್ದರೂ ಇಳಿದೇ ಇರುತ್ತದೆ. ಅದರ ಮೇಲೆ ಸಾಲು ಮುಗಿದಿದೆ ಎಂದು ಅರ್ಧ ಸೆಕೆಂಡ್ ನಿಂತರೆ ಮುಗಿಯಿತು, ವಾಕ್ಯ ಅಲ್ಲೇ ಸತ್ತ ಹಾಗೆ. ಅದಕ್ಕೆ ಈಗ ಸಾಲಿನ ಕೊನೆಯಲ್ಲಿ ಇಂಥ ಪದ ಬಂದರೆ ಮುಂದಿನ ಸಾಲಿನ ಮೊದಲ ಪದವನ್ನು ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತೇನೆ. ಕಣ್ಣು ಸಾಲು ಬದಲಿಸುವ ಹೊತ್ತಿಗೆ ಬಾಯಿಗೆ ‘ಮಂಡ್ಯದ’ ಸಿಕ್ಕಿರುತ್ತದೆ.

ಓದಿದ್ದು ಸರಿಯಾಯಿತೋ ಇಲ್ಲವೋ ಎಂದು ನೋಡಲು ಪ್ರಾಟ್ ಬೇಕೇಬೇಕು ಎಂದೇನಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ, ಪ್ರತಿ ಗೀಟಿನ ಹತ್ತಿರ ಆಡಿಯೊ ನಿಲ್ಲಿಸಿ, ವಾಕ್ಯ ನೋಡದೇ ಇರುವ ಒಬ್ಬರನ್ನು ‘ಮುಗೀತಾ?’ ಎಂದು ಕೇಳಿದರೆ ಸಾಕು. ನಮ್ಮ ಮನೆಯಲ್ಲಿ ಈ ಕೆಲಸ ನನ್ನ ಹೆಂಡತಿಯದು. ಹಳೆಯ ರೆಕಾರ್ಡಿಂಗಿನಲ್ಲಿ ‘ಕಟ್ಟಿ’ ಎಂಬಲ್ಲಿ ನಿಲ್ಲಿಸಿದಾಗ “ಹೂಂ, ಯಾರಿಗೆ ಹೇಳ್ತಿದೀರಿ ಕಟ್ಟೋಕೆ?” ಎಂದಳು. ಹೊಸದರಲ್ಲಿ ಅದೇ ಜಾಗಕ್ಕೆ “ಇಲ್ಲ, ಹೇಳಿ” ಎಂದಳು. ಸ್ವಂತ ಕಿವಿ ಈ ಪರೀಕ್ಷೆಗೆ ಆಗದು. ಮುಂದೆ ಏನಿದೆ ಎಂದು ಅದಕ್ಕೆ ಮೊದಲೇ ಗೊತ್ತು.

ಹೊಸ ರೆಕಾರ್ಡಿಂಗನ್ನು ಹುಡುಗನಿಗೆ ಕಳಿಸಿದೆ. ಎಲ್ಲ ಏರುಗಳೂ ಸ್ಪಷ್ಟವಾಗಿ ಕೇಳಲಿ ಎಂದು ತುಂಡಿನ ಕೊನೆಗಳನ್ನು ಚೆನ್ನಾಗಿಯೇ ಎಳೆದಿದ್ದೆ. ಮಾರನೇ ದಿನ ಫೋನ್ ಬಂತು.

“ಈಗ ಒಂದೇ ಸಲ ಮುಗೀತು ಸಾರ್. ಒಂದು ಡೌಟು.”

“ಏನಪ್ಪಾ?”

“ಮಂಡ್ಯದ ರೈತರೂ ಅಂದ್ರಲ್ಲ, ಅವರಿಗಿಂತ ಮೊದ್ಲು ಬೇರೆ ಯಾರು ಬೆಳೀತಿದ್ರು?”

ಪುಸ್ತಕ ತೆಗೆದು ನೋಡಿದೆ. ‘ರೈತರು’ ಎಂದೇ ಇತ್ತು. ರೆಕಾರ್ಡಿಂಗಿನಲ್ಲಿ ‘ರು’ ಎಳೆದು ಎಳೆದು ‘ರೂ’ ಆಗಿತ್ತು. ಹ್ರಸ್ವ ದೀರ್ಘಕ್ಕೆ ಅರ್ಥ ಬದಲಾಗುವ ಭಾಷೆಯಲ್ಲಿ ಎಳೆತಕ್ಕೆ ಇರುವ ಜಾಗ ಅಷ್ಟೇ ಇಕ್ಕಟ್ಟು. ‘ಬಂದ’ ಎಳೆದರೆ ‘ಬಂದಾ?’, ‘ಮೇಲೆ’ ಎಳೆದರೆ ‘ಮೇಲೇ’. ಮೂರನೇ ಸಲ ಓದುವಾಗ ‘ರು’ವನ್ನು ಗಿಡ್ಡವಾಗಿಯೇ ಬಿಟ್ಟು, ಸ್ವರವನ್ನು ಮಾತ್ರ ಎತ್ತಿ, ಕಾಲು ಸೆಕೆಂಡ್ ಸುಮ್ಮನಿದ್ದೆ. ಇನ್ನೂ ಫೋನ್ ಬಂದಿಲ್ಲ.